ಸಂಜೆಯ ಪಾಳಿಯಲ್ಲಿ ಹಾರುವ ಫ್ಯೂಸ್: ಪವರ್ ಕ್ವಾಲಿಟಿ ಅನಲೈಸರ್ ಹಿಡಿದುಕೊಟ್ಟ 7ನೇ ಹಾರ್ಮೋನಿಕ್

ಕಾರ್ಖಾನೆಗೆ ಒಂದೇ ಟ್ರಾನ್ಸ್‌ಫಾರ್ಮರ್. 1000 ಕೆವಿಎ, ಇಂಪೀಡೆನ್ಸ್ ಶೇ 5, ಸೆಕೆಂಡರಿ 415 ವೋಲ್ಟ್, 50 ಹರ್ಟ್ಸ್. ಪವರ್ ಫ್ಯಾಕ್ಟರ್ ಸರಿದೂಗಿಸಲು ತಲಾ 50 ಕೆವಿಎಆರ್‌ನ ಎಂಟು ಸ್ಟೆಪ್‌ಗಳ ಕೆಪ್ಯಾಸಿಟರ್ ಪ್ಯಾನೆಲ್ ಇದೆ. ಸ್ಟೆಪ್‌ಗಳನ್ನು ಕಂಟ್ರೋಲರ್ ತಾನೇ ಹಾಕುತ್ತದೆ, ತಾನೇ ತೆಗೆಯುತ್ತದೆ. ಲೋಡ್‌ನಲ್ಲಿ ಮುಖ್ಯವಾದವು ಮೂರು: ಆರು ಪಲ್ಸ್‌ನ ವೇರಿಯಬಲ್ ಸ್ಪೀಡ್ ಡ್ರೈವ್‌ಗಳು, ನೇರವಾಗಿ ಓಡುವ ದೊಡ್ಡ ಕಂಪ್ರೆಸರ್ ಮೋಟರ್‌ಗಳು, ಹಗಲಲ್ಲಿ ಮಾತ್ರ ಉರಿಯುವ ವಿದ್ಯುತ್ ಓವನ್‌ಗಳು.

ತೊಂದರೆ ಕೆಪ್ಯಾಸಿಟರ್ ಪ್ಯಾನೆಲ್‌ನಲ್ಲಿತ್ತು. ಸ್ಟೆಪ್‌ಗಳ 100 ಆಂಪಿಯರ್ ಫ್ಯೂಸ್‌ಗಳು ಆಗಾಗ ಹಾರುತ್ತಿದ್ದವು, ಕೆಲವು ಕೆಪ್ಯಾಸಿಟರ್ ಡಬ್ಬಿಗಳ ಮೇಲ್ಭಾಗ ಉಬ್ಬಿತ್ತು. ಕೆಪ್ಯಾಸಿಟರ್‌ಗಳೇ ಕಳಪೆ ಎಂದುಕೊಂಡು ಬದಲಾಯಿಸಿದ್ದರು, ಹೊಸವೂ ಅದೇ ದಾರಿ ಹಿಡಿದವು. ಫ್ಯೂಸ್ ಹಾರಿದ ಸಮಯವನ್ನು ಯಾರೋ ಪುಸ್ತಕದಲ್ಲಿ ಬರೆದಿಡುತ್ತಿದ್ದುದು ಈ ಪ್ರಕರಣದ ಮೊದಲ ಒಳ್ಳೆಯ ಸುಳಿವು: ಹೆಚ್ಚುಕಡಿಮೆ ಎಲ್ಲವೂ ಸಂಜೆ ಓವನ್‌ಗಳು ಆರಿದ ಮೇಲೆ ಹಾರಿದ್ದವು. ಪ್ಯಾನೆಲ್ ಮೀಟರ್‌ನಲ್ಲಿ ಮಾತ್ರ ಯಾವ ದೋಷವೂ ಕಾಣುತ್ತಿರಲಿಲ್ಲ. ವೋಲ್ಟೇಜ್ ಸರಿ, ಕಂಟ್ರೋಲರ್ ತೋರಿಸುವ ಪವರ್ ಫ್ಯಾಕ್ಟರ್ 0.98ಕ್ಕಿಂತ ಮೇಲೆ.

ಜೋಡಣೆ

ಅನಲೈಸರ್ ಅನ್ನು ಮೊದಲು ಕೂರಿಸಿದ್ದು ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಮುಖ್ಯ ಇನ್‌ಕಮರ್‌ನಲ್ಲಿ. ಇಡೀ ಕಾರ್ಖಾನೆಯ ಕರೆಂಟ್ ಹರಿಯುವ ಜಾಗ ಅದು. ಮುಂದೆ ಎಲ್ಲಿ ನೋಡಬೇಕು ಎನ್ನುವುದು ಅಲ್ಲಿಯ ಅಳತೆಯಿಂದಲೇ ತಿಳಿಯುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಹತ್ತಿರದ ಈ ಜಾಗದಲ್ಲಿ ಶಾರ್ಟ್ ಆದರೆ ಹರಿಯುವ ಕರೆಂಟ್ ಇಪ್ಪತ್ತೈದು ಸಾವಿರ ಆಂಪಿಯರ್‌ಗೂ ಹೆಚ್ಚು. ಹಾಗಾಗಿ ಉಪಕರಣ, ಲೀಡ್, ಕ್ಲಿಪ್ ಮೂರಕ್ಕೂ ಕ್ಯಾಟ್ IV 600 ವೋಲ್ಟ್ ರೇಟಿಂಗ್ ಇರಲೇಬೇಕು, ವೋಲ್ಟೇಜ್ ಲೀಡ್‌ಗಳಲ್ಲಿ ಫ್ಯೂಸ್ ಇರಬೇಕು. ಸಾಧ್ಯವಿದ್ದಲ್ಲಿ ಸಪ್ಲೈ ನಿಲ್ಲಿಸಿ, ವೋಲ್ಟೇಜ್ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಕಟ್ಟಬೇಕು. ಇಲ್ಲಿ ಪಾಳಿ ಬದಲಾಗುವ ಹೊತ್ತಿನಲ್ಲಿ ಹದಿನೈದು ನಿಮಿಷ ಬಂದ್ ಮಾಡಿಸಿ ಕಟ್ಟಲಾಯಿತು.

ಕ್ರಮ ಹೀಗೆ: ಮೊದಲು ಅರ್ಥ್, ನಂತರ ನ್ಯೂಟ್ರಲ್, ಆಮೇಲೆ ಮೂರು ಫೇಸ್. ಬಿಚ್ಚುವಾಗ ಇದರ ತಲೆಕೆಳಗು. ಕರೆಂಟ್‌ಗೆ ಬಳಸಿದ್ದು ಬಳ್ಳಿಯಂತೆ ಬಳುಕುವ ರೊಗೋವ್ಸ್ಕಿ ಕಾಯಿಲ್. ಇದರಲ್ಲಿ ಮೂರು ತಪ್ಪುಗಳು ಪದೇಪದೇ ಆಗುತ್ತವೆ. ಮೊದಲನೆಯದು, ಒಂದು ಫೇಸ್‌ಗೆ ಎರಡು ಬಸ್‌ಬಾರ್ ಅಥವಾ ಎರಡು ಮೂರು ಕೇಬಲ್ ಇದ್ದಾಗ ಒಂದನ್ನಷ್ಟೇ ಸುತ್ತುವುದು. ಕಾಯಿಲ್ ಆ ಫೇಸ್‌ನ ಎಲ್ಲ ವಾಹಕಗಳನ್ನೂ ಒಳಗೊಳ್ಳಬೇಕು. ಎರಡನೆಯದು, ಕಾಯಿಲ್‌ನ ಎರಡು ತುದಿ ಸೇರುವ ಕೀಲನ್ನು ಪಕ್ಕದ ಫೇಸ್‌ನ ಬಸ್‌ಬಾರ್‌ಗೆ ಒರಗಿಸುವುದು. ಕೀಲಿನ ಬಳಿ ಕಾಯಿಲ್ ಹೊರಗಿನ ಕ್ಷೇತ್ರವನ್ನೂ ಎಳೆದುಕೊಳ್ಳುತ್ತದೆ, ಆದ್ದರಿಂದ ಕೀಲು ಆದಷ್ಟು ದೂರ ಇರಲಿ. ಮೂರನೆಯದು ರೇಂಜ್. 3000 ಆಂಪಿಯರ್ ರೇಂಜ್‌ನಲ್ಲಿಟ್ಟು 20 ಆಂಪಿಯರ್ ಓದಿದರೆ ಅದು ಬಹುಪಾಲು ಗದ್ದಲವೇ. ಚಿಕ್ಕ ಫೀಡರ್‌ಗೆ ಹೋದಾಗ ರೇಂಜ್ ಇಳಿಸಬೇಕು. ಅಷ್ಟು ಚಿಕ್ಕ ರೇಂಜ್ ಇಲ್ಲದಿದ್ದರೆ ಕಾಯಿಲ್ ಅನ್ನು ಎರಡು ಸುತ್ತು ಸುತ್ತಿ, ಬಂದ ಅಂಕಿಯನ್ನು ಅರ್ಧ ಮಾಡಿಕೊಳ್ಳಬೇಕು.

ಸಪ್ಲೈ ಮರಳಿ ಬಂದ ಕೂಡಲೇ ರೆಕಾರ್ಡಿಂಗ್ ಒತ್ತಬಾರದು. ಮೊದಲು ಫೇಸರ್ ಚಿತ್ರ ನೋಡಬೇಕು. ಮೂರು ವೋಲ್ಟೇಜ್ ಬಾಣಗಳು 120 ಡಿಗ್ರಿ ಅಂತರದಲ್ಲಿ, ಸರಿಯಾದ ಸರದಿಯಲ್ಲಿ ಇರಬೇಕು. ಪ್ರತಿ ಕರೆಂಟ್ ಬಾಣ ತನ್ನದೇ ವೋಲ್ಟೇಜ್ ಬಾಣದ ಹತ್ತಿರ ನಿಲ್ಲಬೇಕು. ಇಲ್ಲಿ ಮೊದಲ ಸಲ ನೋಡಿದಾಗ ಮೂರನೇ ಫೇಸ್‌ನ ಕರೆಂಟ್ ಬಾಣ ಎದುರು ದಿಕ್ಕಿಗೆ ತಿರುಗಿತ್ತು, ಆ ಫೇಸ್‌ನ ಕಿಲೋವ್ಯಾಟ್ ಮೈನಸ್ ತೋರಿಸುತ್ತಿತ್ತು. ಕಾಯಿಲ್ ಮೇಲಿನ ಬಾಣದ ಗುರುತು ಲೋಡ್ ಕಡೆಗಲ್ಲದೆ ಟ್ರಾನ್ಸ್‌ಫಾರ್ಮರ್ ಕಡೆಗೆ ಮುಖ ಮಾಡಿತ್ತು ಅಷ್ಟೆ. ತಿರುಗಿಸಿ ಹಾಕಿದ ಮೇಲೆ ಒಟ್ಟು ಕಿಲೋವ್ಯಾಟ್ ಪ್ಯಾನೆಲ್ ಮೀಟರ್‌ಗೆ ತಾಳೆಯಾಯಿತು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಾಯಿಲ್ ತಿರುಗಿದ್ದರೂ, ಫೇಸ್ ಅದಲುಬದಲಾಗಿದ್ದರೂ ಹಾರ್ಮೋನಿಕ್‌ನ, ಅಂದರೆ 50 ಹರ್ಟ್ಸ್‌ನ ಪೂರ್ಣಾಂಕ ಪಟ್ಟುಗಳಲ್ಲಿ ಬರುವ ತರಂಗಗಳ, ಪ್ರಮಾಣ ಸರಿಯಾಗಿಯೇ ಕಾಣುತ್ತದೆ. ಪವರ್, ಪವರ್ ಫ್ಯಾಕ್ಟರ್ ಮತ್ತು ಕೋನಗಳು ಮಾತ್ರ ಹಾಳಾಗುತ್ತವೆ. ಹಾರ್ಮೋನಿಕ್ ಪಟ್ಟಿ ಚೆನ್ನಾಗಿ ಬಂದಿದೆ ಎಂದು ನಂಬಿಕೊಂಡು ವಾರವಿಡೀ ರೆಕಾರ್ಡ್ ಮಾಡಿ, ಕೊನೆಗೆ ಪವರ್ ಅಂಕಿಗಳೆಲ್ಲ ಕಸವೆಂದು ಕಂಡುಕೊಳ್ಳುವುದು ಹೀಗೆಯೇ.

ಸೆಟ್ಟಿಂಗ್

ವೈರಿಂಗ್ ಮಾದರಿ ಮೂರು ಫೇಸ್ ನಾಲ್ಕು ವೈರ್ ಸ್ಟಾರ್, ಫೇಸ್‌ನಿಂದ ನ್ಯೂಟ್ರಲ್‌ಗೆ ನಾಮಮಾತ್ರ ವೋಲ್ಟೇಜ್ 240, ಫ್ರೀಕ್ವೆನ್ಸಿ 50 ಹರ್ಟ್ಸ್. ಉಪಕರಣ ಐಇಸಿ 61000-4-30ರ ಕ್ಲಾಸ್ ಎ ದರ್ಜೆಯದು. ಅಂಥದ್ದು 50 ಹರ್ಟ್ಸ್‌ನಲ್ಲಿ ಹತ್ತು ಸೈಕಲ್, ಅಂದರೆ 200 ಮಿಲಿಸೆಕೆಂಡಿನ ಒಂದೊಂದು ತುಂಡನ್ನು ತೆಗೆದುಕೊಂಡು ಹಾರ್ಮೋನಿಕ್ ಬಿಡಿಸುತ್ತದೆ, ಆಮೇಲೆ ಅವನ್ನು ಸೇರಿಸಿ ಸರಾಸರಿ ಕಟ್ಟುತ್ತದೆ.

ಆ ಸರಾಸರಿಯ ಅವಧಿಯಲ್ಲೇ ಈ ಪ್ರಕರಣ ಒಂದು ದಿನ ಕೈತಪ್ಪಿತು. ಮೊದಲ ದಿನ ಉಪಕರಣ ತಾನಾಗಿ ಇಟ್ಟುಕೊಂಡಿದ್ದ 10 ನಿಮಿಷದ ಸರಾಸರಿಯನ್ನು ಹಾಗೆಯೇ ಬಿಡಲಾಗಿತ್ತು. ಸಪ್ಲೈ ನಿಗದಿತ ಮಿತಿಯೊಳಗಿದೆಯೇ ಎಂದು ವಾರಗಟ್ಟಲೆ ನೋಡಲು 10 ನಿಮಿಷವೇ ಸರಿ. ಆದರೆ ಕೆಪ್ಯಾಸಿಟರ್ ಸ್ಟೆಪ್‌ಗಳು ಅಷ್ಟರೊಳಗೆ ಎರಡು ಮೂರು ಸಲ ಬಿದ್ದು ಎದ್ದಿರುತ್ತವೆ, ಸರಾಸರಿಯಲ್ಲಿ ಏರಿಳಿತವೆಲ್ಲ ಕಲಸಿಹೋಗುತ್ತದೆ. ಮೊದಲ ದಿನದ ಗ್ರಾಫ್‌ನಲ್ಲಿ ಸಂಜೆ ಒಂದು ಮೊಂಡಾದ ದಿಬ್ಬ ಮಾತ್ರ ಕಂಡಿತು. ಎರಡನೇ ದಿನ ಅವಧಿಯನ್ನು 1 ನಿಮಿಷಕ್ಕೆ ಇಳಿಸಿ, ಸರಾಸರಿಯ ಜೊತೆಗೆ ಗರಿಷ್ಠ ಮೌಲ್ಯವನ್ನೂ ಉಳಿಸುವಂತೆ ಮಾಡಿದಾಗ ದಿಬ್ಬ ಒಡೆದು ಮೆಟ್ಟಿಲುಗಳಾದವು. ಒಂದೊಂದು ಮೆಟ್ಟಿಲೂ ಒಂದೊಂದು ಸ್ಟೆಪ್. ಅನಲೈಸರ್‌ನ ಗಡಿಯಾರವನ್ನು ಕಂಟ್ರೋಲರ್‌ನ ಗಡಿಯಾರಕ್ಕೆ ಹೊಂದಿಸಿದ್ದರಿಂದ ಯಾವ ಮೆಟ್ಟಿಲು ಯಾವ ಸ್ಟೆಪ್ಪಿನದು ಎಂದು ಹೇಳಲು ಸಾಧ್ಯವಾಯಿತು.

ಇನ್ನೊಂದು ಸೆಟ್ಟಿಂಗ್: ಹಾರ್ಮೋನಿಕ್‌ಗಳೆಲ್ಲ ಸೇರಿ ಆಗುವ ಒಟ್ಟು ವಿಕಾರವಾದ ಟಿಎಚ್‌ಡಿ ಯನ್ನು ಮೂಲ ತರಂಗದ ಶೇಕಡಾವಾರು ತೋರಿಸಬೇಕೇ, ಒಟ್ಟು ಆರ್‌ಎಂಎಸ್‌ನ ಶೇಕಡಾವಾರು ತೋರಿಸಬೇಕೇ ಎಂಬುದು. ತೆರೆಯ ಮೇಲೆ `THD-F`, `THD-R` ಎಂದು ಇರುತ್ತದೆ. ಮಾನದಂಡಗಳ ಮಿತಿಗಳೆಲ್ಲ ಮೊದಲನೆಯದಕ್ಕೆ ಹೊಂದುವಂಥವು, ಅದನ್ನೇ ಇಡಬೇಕು.

ಮೊದಲು ಹೆದರಿಸಿದ ಅಂಕಿ, ಹೆದರಬೇಕಾಗಿದ್ದ ಅಂಕಿ

ರೆಕಾರ್ಡ್ ತೆರೆದಾಗ ಎಲ್ಲರ ಕಣ್ಣೂ ಹೋದದ್ದು ನಡುರಾತ್ರಿಯ ಒಂದು ಅಂಕಿಯ ಮೇಲೆ: ಕರೆಂಟ್ ಟಿಎಚ್‌ಡಿ ಶೇ 58. ಆದರೆ ಆ ಹೊತ್ತಿಗೆ ಯಂತ್ರಗಳು ನಿಂತಿದ್ದವು, ಒಟ್ಟು ಮೂಲ ಕರೆಂಟ್ 40 ಆಂಪಿಯರ್. ಅದರ ಶೇ 58 ಎಂದರೆ 23 ಆಂಪಿಯರ್. 1391 ಆಂಪಿಯರ್ ಹೊರಬಲ್ಲ ಟ್ರಾನ್ಸ್‌ಫಾರ್ಮರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಕರೆಂಟ್ ಟಿಎಚ್‌ಡಿ ಯನ್ನು ಬರಿಯ ಶೇಕಡಾವಾರಿನಲ್ಲಿ ಓದಬಾರದು, ಆಂಪಿಯರ್‌ನಲ್ಲಿ ಓದಬೇಕು. ಐಇಇಇ 519 ಮಾನದಂಡ ಕರೆಂಟಿನ ಮಿತಿಯನ್ನು ಆ ಕ್ಷಣದ ಕರೆಂಟಿಗೆ ಹೋಲಿಸದೆ ಗರಿಷ್ಠ ಬೇಡಿಕೆಯ ಕರೆಂಟಿಗೆ ಹೋಲಿಸುವುದು ಇದೇ ಕಾರಣಕ್ಕೆ.

ನಿಜವಾಗಿ ನೋಡಬೇಕಾದದ್ದು ವೋಲ್ಟೇಜ್ ಟಿಎಚ್‌ಡಿ. ಹಗಲಲ್ಲಿ ಅದು ಶೇ 6ರ ಆಸುಪಾಸು. ಸಂಜೆ ಎಂಟೂ ಸ್ಟೆಪ್ ಬಿದ್ದಾಗ ಶೇ 12.5. ಒಂದು ಕಿಲೋವೋಲ್ಟ್‌ವರೆಗಿನ ಸಪ್ಲೈಗೆ ಐಇಇಇ 519 ಹೇಳುವ ಮಿತಿ ಒಟ್ಟು ಶೇ 8, ಯಾವುದೇ ಒಂದು ಹಾರ್ಮೋನಿಕ್‌ಗೆ ಶೇ 5. ಆ ಮಿತಿ ಗ್ರಾಹಕನೂ ಸರಬರಾಜುದಾರನೂ ಸೇರುವ ಬಿಂದುವಿಗೆ ಅನ್ವಯಿಸುವಂಥದ್ದು. ಕಾರ್ಖಾನೆಯ ಒಳಗಿನ ಬಸ್‌ಬಾರ್‌ಗೆ ಅದನ್ನು ಅಳತೆಗೋಲಾಗಿ ಮಾತ್ರ ಬಳಸಬಹುದು. ಹಾಗೆ ಬಳಸಿದರೂ 12.5 ಬಹಳ ಹೆಚ್ಚು.

ಹಾರ್ಮೋನಿಕ್ ಕಂಬಗಳ ಚಿತ್ರ ತೆರೆದರೆ ವಿಷಯ ಇನ್ನೂ ಸ್ಪಷ್ಟ. ಆರು ಪಲ್ಸ್ ಡ್ರೈವ್‌ಗಳು ಎಬ್ಬಿಸುವುದು 5, 7, 11, 13ನೇ ಹಾರ್ಮೋನಿಕ್‌ಗಳನ್ನು. ಕರೆಂಟಿನಲ್ಲಿ ಇವು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಇಳಿಯುತ್ತ ಹೋಗುತ್ತವೆ, 5ನೆಯದು ಎಲ್ಲಕ್ಕಿಂತ ದೊಡ್ಡದು. ಇಲ್ಲಿ ವೋಲ್ಟೇಜಿನಲ್ಲಿ 5ನೆಯದು ಶೇ 5.9 ಇದ್ದರೆ 7ನೆಯದು ಶೇ 11. ಚಿಕ್ಕದಾಗಿರಬೇಕಾದ ಕಂಬ ದೊಡ್ಡದನ್ನು ಮೀರಿ ನಿಂತಿದೆ ಎಂದರೆ ಯಾವುದೋ ಅದನ್ನು ಹಿಗ್ಗಿಸುತ್ತಿದೆ. ಡ್ರೈವ್ ಒಂದೇ ಹೀಗೆ ಮಾಡುವುದಿಲ್ಲ.

ಇಷ್ಟಿದ್ದೂ ಆರ್‌ಎಂಎಸ್ ವೋಲ್ಟೇಜ್ 415ರಿಂದ 418ಕ್ಕೆ ಮಾತ್ರ ಏರಿತ್ತು. ಮೂಲ ತರಂಗ ಮತ್ತು ಹಾರ್ಮೋನಿಕ್‌ಗಳು ವರ್ಗಗಳ ಮೊತ್ತವಾಗಿ ಕೂಡುವುದರಿಂದ ಶೇ 12.5ರ ವಿಕಾರ ಆರ್‌ಎಂಎಸ್‌ನಲ್ಲಿ ಶೇ 1ಕ್ಕಿಂತ ಕಡಿಮೆ ವ್ಯತ್ಯಾಸ ತರುತ್ತದೆ. ಮಲ್ಟಿಮೀಟರ್ ಹಿಡಿದವರಿಗೆ ಏನೂ ಕಾಣದೆ ಹೋದದ್ದರಲ್ಲಿ ಅವರ ತಪ್ಪಿಲ್ಲ. ಕಂಟ್ರೋಲರ್ ತೋರಿಸುವ 0.98 ಕೂಡ ಸುಳ್ಳಲ್ಲ, ಅದು ಮೂಲ ತರಂಗದ ಕೋನವನ್ನಷ್ಟೇ ನೋಡುತ್ತದೆ. ಹಾರ್ಮೋನಿಕ್ ಕರೆಂಟನ್ನೂ ಸೇರಿಸಿ ಅನಲೈಸರ್ ಲೆಕ್ಕಹಾಕಿದ ನಿಜವಾದ ಪವರ್ ಫ್ಯಾಕ್ಟರ್ ಆ ಹೊತ್ತಿನಲ್ಲಿ 0.79.

ಅನುರಣನದ ಲೆಕ್ಕ ಮತ್ತು ಸ್ಟೆಪ್ ಪರೀಕ್ಷೆ

ಟ್ರಾನ್ಸ್‌ಫಾರ್ಮರ್ ಒಂದು ಇಂಡಕ್ಟೆನ್ಸ್. ಅದರೊಡನೆ ಕೆಪ್ಯಾಸಿಟರ್ ಸೇರಿದರೆ ಯಾವುದೋ ಒಂದು ಫ್ರೀಕ್ವೆನ್ಸಿಯಲ್ಲಿ ಎರಡೂ ಅನುರಣಿಸುತ್ತವೆ. ಎಷ್ಟನೇ ಹಾರ್ಮೋನಿಕ್‌ನಲ್ಲಿ ಎಂದು ಕಂಡುಹಿಡಿಯಲು ಕಾಗದ ಪೆನ್ಸಿಲ್ ಸಾಕು. ಶೇ 5 ಇಂಪೀಡೆನ್ಸ್‌ನ 1000 ಕೆವಿಎ ಎಂದರೆ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ 20,000 ಕೆವಿಎ. ಎಂಟು ಸ್ಟೆಪ್ ಎಂದರೆ 400 ಕೆವಿಎಆರ್.

```
h = sqrt(Ssc / Qc)
h = sqrt(20000 / 400) = 7.07
```

ಟ್ರಾನ್ಸ್‌ಫಾರ್ಮರ್‌ಗೆ ಬರುವ ಮೇಲಿನ ಲೈನ್‌ನ ಇಂಪೀಡೆನ್ಸನ್ನೂ ಸೇರಿಸಿದರೆ ಸಾಮರ್ಥ್ಯ 18,500ರಷ್ಟಾಗಿ ಅಂಕಿ 6.8ಕ್ಕೆ ಇಳಿಯುತ್ತದೆ. ಹೇಗೇ ಹಾಕಿದರೂ 7ರ ಪಕ್ಕದಲ್ಲೇ. ಇಲ್ಲಿ ಒಂದು ಎಚ್ಚರ: ಕೆಪ್ಯಾಸಿಟರ್ ಮೇಲೆ ಬರೆದ ಕೆವಿಎಆರ್ ಯಾವ ವೋಲ್ಟೇಜಿಗೆ ಎಂದು ನೋಡಬೇಕು. ಈ ಪ್ಯಾನೆಲ್‌ನಲ್ಲಿ ಅದು 415 ವೋಲ್ಟ್‌ಗೇ ಇತ್ತು. 440 ವೋಲ್ಟ್‌ಗೆ 50 ಎಂದು ಬರೆದಿದ್ದರೆ 415ರಲ್ಲಿ ಸಿಗುವುದು 44.5 ಮಾತ್ರ, ಏಕೆಂದರೆ ಅದು ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. ಆಗ ಅನುರಣನದ ಜಾಗವೂ ಸರಿಯುತ್ತದೆ.

ಲೆಕ್ಕವನ್ನು ಅಳತೆಯಿಂದ ಖಚಿತಪಡಿಸಲು ಸಂಜೆಯ ಲೋಡ್ ಸ್ಥಿರವಾಗಿದ್ದಾಗ ಕಂಟ್ರೋಲರ್ ಅನ್ನು ಮ್ಯಾನುಯಲ್‌ಗೆ ತಂದು, ಸ್ಟೆಪ್‌ಗಳನ್ನು ಒಂದೊಂದಾಗಿ ಹಾಕುತ್ತ ಪ್ರತಿಯೊಂದರಲ್ಲೂ ಮೂರು ನಿಮಿಷ ನಿಲ್ಲಿಸಲಾಯಿತು. ಈ ಪರೀಕ್ಷೆಗೆ ಒಂದು ಗಂಟೆಯೂ ಬೇಡ, ಒಂದು ವಾರದ ರೆಕಾರ್ಡಿಂಗ್‌ಗಿಂತ ಹೆಚ್ಚು ಹೇಳುತ್ತದೆ. ಒಮ್ಮೆ ತೆಗೆದ ಸ್ಟೆಪ್ ಮತ್ತೆ ಹಾಕುವ ಮುನ್ನ ಅದು ಡಿಸ್‌ಚಾರ್ಜ್ ಆಗಲು ಸಮಯ ಕೊಡಬೇಕು, ಇಲ್ಲದಿದ್ದರೆ ಕಾಂಟ್ಯಾಕ್ಟರ್‌ಗೆ ಏಟು.

ಒಂದೂ ಸ್ಟೆಪ್ ಇಲ್ಲದಾಗ ವೋಲ್ಟೇಜ್ ಟಿಎಚ್‌ಡಿ ಶೇ 3.6. ಮೂರು ಸ್ಟೆಪ್‌ಗೆ ಶೇ 7.9. ಐದಕ್ಕೆ ಶೇ 6.7ಕ್ಕೆ ಇಳಿಯಿತು. ಎಂಟಕ್ಕೆ ಮತ್ತೆ 12.5. ಹೆಚ್ಚು ಕೆಪ್ಯಾಸಿಟರ್ ಹಾಕಿದಷ್ಟೂ ಹೆಚ್ಚು ವಿಕಾರ ಎಂದುಕೊಂಡವರಿಗೆ ನಡುವಿನ ಆ ಇಳಿತ ಗೊಂದಲ ಹುಟ್ಟಿಸುತ್ತದೆ. ಕಂಬಗಳ ಚಿತ್ರ ನೋಡಿದರೆ ಬಿಡಿಸಿಕೊಳ್ಳುತ್ತದೆ. ಮೂರು ಸ್ಟೆಪ್ ಇದ್ದಾಗ ಎದ್ದು ನಿಂತದ್ದು 7ನೆಯದಲ್ಲ, 11ನೆಯದು, ಶೇ 6. 150 ಕೆವಿಎಆರ್‌ಗೆ ಮೇಲಿನ ಸೂತ್ರದಲ್ಲಿ 18,500 ಹಾಕಿದರೆ ಬರುವುದು 11.1. ಐದು ಸ್ಟೆಪ್‌ನಲ್ಲಿ ಅನುರಣನ 8.6ಕ್ಕೆ, ಅಂದರೆ ಡ್ರೈವ್‌ಗಳು ಏನನ್ನೂ ಎಬ್ಬಿಸದ ಜಾಗಕ್ಕೆ ಬೀಳುತ್ತದೆ. ಸ್ಟೆಪ್‌ಗಳು ಏರಿದಂತೆ ಅನುರಣನ 13, 11, 7 ಎಂದು ಕೆಳಗಿಳಿಯುತ್ತ ಹೋಗುತ್ತದೆ, ದಾರಿಯಲ್ಲಿ ಸಿಕ್ಕ ಹಾರ್ಮೋನಿಕ್ ಅನ್ನು ಎತ್ತಿ ಹಿಡಿಯುತ್ತದೆ.

ಹಗಲಲ್ಲಿ ಯಾಕೆ ಇಷ್ಟು ಕೆಟ್ಟಿರಲಿಲ್ಲ? ಕಾರಣ ಎರಡು. ಹಗಲಲ್ಲಿ ಕಂಟ್ರೋಲರ್‌ಗೆ ಐದು ಸ್ಟೆಪ್ ಸಾಕಾಗುತ್ತಿತ್ತು. ಸಂಜೆ ದೊಡ್ಡ ಕಂಪ್ರೆಸರ್‌ಗಳು ಅರೆ ಖಾಲಿ ಓಡುತ್ತ ರಿಯಾಕ್ಟಿವ್ ಪವರ್ ಹೆಚ್ಚು ಎಳೆದಾಗ ಎಂಟೂ ಬೀಳುತ್ತಿದ್ದವು. ಜೊತೆಗೆ ಓವನ್‌ಗಳು ಶುದ್ಧ ರೆಸಿಸ್ಟೆನ್ಸ್. ಅವು ಉರಿಯುತ್ತಿರುವಾಗ ಅನುರಣನಕ್ಕೆ ಕಡಿವಾಣ ಹಾಕುತ್ತವೆ. ಓವನ್ ಆರಿದರೆ ಆ ಕಡಿವಾಣವೂ ಹೋಯಿತು.

ಮೂರು ಜಾಗದ ಆಂಪಿಯರ್

ಕೊನೆಯ ಸಾಕ್ಷ್ಯಕ್ಕಾಗಿ ಎಂಟು ಸ್ಟೆಪ್ ಇಟ್ಟುಕೊಂಡೇ 7ನೇ ಹಾರ್ಮೋನಿಕ್ ಕರೆಂಟನ್ನು ಮೂರು ಕಡೆ ಅಳೆಯಲಾಯಿತು. ಡ್ರೈವ್‌ಗಳ ಫೀಡರ್‌ನಲ್ಲಿ 60 ಆಂಪಿಯರ್. ಟ್ರಾನ್ಸ್‌ಫಾರ್ಮರ್ ಇನ್‌ಕಮರ್‌ನಲ್ಲಿ 405. ಕೆಪ್ಯಾಸಿಟರ್ ಫೀಡರ್‌ನಲ್ಲಿ 428. ಹುಟ್ಟುವುದು 60, ಹರಿಯುವುದು ನಾನೂರು ಚಿಲ್ಲರೆ. ಮೂರನ್ನೂ ಬರಿಯ ಕೂಡುವ ಕಳೆಯುವ ಲೆಕ್ಕದಲ್ಲಿ ಹೊಂದಿಸಲು ಹೋಗಬಾರದು. ಟ್ರಾನ್ಸ್‌ಫಾರ್ಮರ್ ಮತ್ತು ಕೆಪ್ಯಾಸಿಟರ್ ಕರೆಂಟ್‌ಗಳು ಹೆಚ್ಚುಕಡಿಮೆ ಎದುರು ದಿಕ್ಕಿನಲ್ಲಿದ್ದು, ಒಂದರೊಳಗಿಂದ ಇನ್ನೊಂದಕ್ಕೆ ಸುತ್ತುತ್ತಿರುತ್ತವೆ. ಡ್ರೈವ್ ಅದಕ್ಕೆ ಒತ್ತಾಸೆ ಮಾತ್ರ ಕೊಡುತ್ತದೆ.

ಕೆಪ್ಯಾಸಿಟರ್ ಕರೆಂಟನ್ನು ವೋಲ್ಟೇಜಿನಿಂದಲೂ ತಾಳೆ ನೋಡಬಹುದು. ಹಾರ್ಮೋನಿಕ್ ಸಂಖ್ಯೆಯನ್ನು ಅದರ ವೋಲ್ಟೇಜ್ ಶೇಕಡಾವಾರಿನಿಂದ ಗುಣಿಸಿದರೆ ಕೆಪ್ಯಾಸಿಟರ್‌ನಲ್ಲಿ ಆ ಹಾರ್ಮೋನಿಕ್ ಕರೆಂಟಿನ ಶೇಕಡಾವಾರು ಸಿಗುತ್ತದೆ. 7 ಗುಣಿಸು 11, ಶೇ 77. 400 ಕೆವಿಎಆರ್‌ನ ಮೂಲ ಕರೆಂಟ್ 556 ಆಂಪಿಯರ್, ಅದರ ಶೇ 77 ಎಂದರೆ 428. ಅಳತೆ ನಂಬಬಹುದಾದದ್ದು ಎಂದು ಇಲ್ಲಿ ಖಾತ್ರಿಯಾಯಿತು.

5ನೆಯದು, 11ನೆಯದು ಎಲ್ಲ ಸೇರಿ ಒಟ್ಟು ಆರ್‌ಎಂಎಸ್ 722 ಆಂಪಿಯರ್, ಮೂಲ ಕರೆಂಟಿನ 1.3 ಪಟ್ಟು. ಐಇಸಿ 60831 ಕೆಪ್ಯಾಸಿಟರ್ ತಾಳಬೇಕೆಂದು ಹೇಳುವ ಮಿತಿ ಸರಿಯಾಗಿ ಅಷ್ಟೇ, ಉಳಿತಾಯ ಏನೂ ಇಲ್ಲ. ಸ್ಟೆಪ್ ಒಂದಕ್ಕೆ 70ರ ಬದಲು 90 ಆಂಪಿಯರ್. 60 ಡಿಗ್ರಿ ಮುಟ್ಟಿದ ಮುಚ್ಚಿದ ಪ್ಯಾನೆಲ್‌ನೊಳಗೆ 100 ಆಂಪಿಯರ್ ಫ್ಯೂಸ್ ಅದನ್ನು ಗಂಟೆಗಟ್ಟಲೆ ಹೊರಲಾರದು. ಡಿ ವರ್ಗದ ಕೆಪ್ಯಾಸಿಟರ್‌ಗೆ ಸುತ್ತಲ ಗಾಳಿಯ ಗರಿಷ್ಠ ಮಿತಿಯೇ 55 ಡಿಗ್ರಿ. ಹೀಗಾಗಿ ಡಬ್ಬಿ ಉಬ್ಬಿದ್ದೂ ಫ್ಯೂಸ್ ಹಾರಿದ್ದೂ ಒಂದೇ ಕಾರಣಕ್ಕೆ. ದೊಡ್ಡ ಫ್ಯೂಸ್ ಹಾಕಿ ಸುಮ್ಮನಾಗಿದ್ದರೆ ಫ್ಯೂಸ್ ಉಳಿಯುತ್ತಿತ್ತು, ಕೆಪ್ಯಾಸಿಟರ್ ಸಿಡಿಯುತ್ತಿತ್ತು.

ಸರಿಪಡಿಸಿದ್ದು

ತಕ್ಷಣಕ್ಕೆ ಕಂಟ್ರೋಲರ್ ಅನ್ನು ಆಟೋದಿಂದ ತೆಗೆದು, ಕೆಲಸದ ವೇಳೆಯಲ್ಲಿ ಐದು ಸ್ಟೆಪ್‌ಗೆ ಕಟ್ಟಿಹಾಕಲಾಯಿತು. ಪವರ್ ಫ್ಯಾಕ್ಟರ್ ಕೊಂಚ ಇಳಿದರೂ ಕೆಪ್ಯಾಸಿಟರ್ ಕರೆಂಟ್ ಸುಮಾರು 1.1 ಪಟ್ಟಿನಲ್ಲಿ ನಿಂತಿತು. ಎರಡಕ್ಕೋ ಮೂರಕ್ಕೋ ಇಳಿಸಿದ್ದರೆ ಸುರಕ್ಷಿತ ಅನ್ನಿಸುತ್ತಿತ್ತು, ಆದರೆ ಅಲ್ಲಿ 13 ಮತ್ತು 11 ಕಾದು ಕುಳಿತಿವೆ.

ಶಾಶ್ವತ ಪರಿಹಾರ ಪ್ರತಿ ಸ್ಟೆಪ್‌ಗೂ ಸರಣಿಯಲ್ಲಿ ಶೇ 7ರ ಡಿಟ್ಯೂನಿಂಗ್ ರಿಯಾಕ್ಟರ್. ಆಗ ಸ್ಟೆಪ್‌ನ ಸ್ವಂತ ಅನುರಣನ 189 ಹರ್ಟ್ಸ್‌ಗೆ, 5ನೇ ಹಾರ್ಮೋನಿಕ್‌ನ 250 ಹರ್ಟ್ಸ್‌ಗಿಂತ ಕೆಳಗೆ ಬರುತ್ತದೆ. ಅದಕ್ಕಿಂತ ಮೇಲಿನ ಎಲ್ಲ ಹಾರ್ಮೋನಿಕ್‌ಗಳಿಗೂ ಸ್ಟೆಪ್ ಕೆಪ್ಯಾಸಿಟರ್‌ನಂತೆ ಅಲ್ಲ, ಇಂಡಕ್ಟರ್‌ನಂತೆ ಕಾಣುತ್ತದೆ, ಟ್ರಾನ್ಸ್‌ಫಾರ್ಮರ್ ಜೊತೆ ಅನುರಣಿಸಲು ದಾರಿಯೇ ಇರುವುದಿಲ್ಲ. 3ನೇ ಹಾರ್ಮೋನಿಕ್ ಜಾಸ್ತಿ ಇರುವ ಜಾಗದಲ್ಲಿ ಶೇ 14ರದನ್ನು ಆರಿಸಿ 134 ಹರ್ಟ್ಸ್‌ಗೆ ಇಳಿಸಬೇಕಾಗುತ್ತದೆ. ಇಲ್ಲಿ ಅದು ವೋಲ್ಟೇಜಿನಲ್ಲಿ ಶೇ 0.5 ಮಾತ್ರ ಇದ್ದುದರಿಂದ ಶೇ 7 ಸಾಕಾಯಿತು.

ಹಳೆಯ ಕೆಪ್ಯಾಸಿಟರ್‌ಗಳಿಗೇ ರಿಯಾಕ್ಟರ್ ಜೋಡಿಸಲು ಆಗುವುದಿಲ್ಲ. ಶೇ 7ರ ರಿಯಾಕ್ಟರ್ ಸೇರಿದ ಮೇಲೆ ಕೆಪ್ಯಾಸಿಟರ್ ಮೇಲಿನ ವೋಲ್ಟೇಜ್ 415ರಿಂದ 446ಕ್ಕೆ ಏರುತ್ತದೆ, ಹಾರ್ಮೋನಿಕ್ ಅದರ ಮೇಲಿನ್ನಷ್ಟು. ಆದ್ದರಿಂದ 525 ವೋಲ್ಟ್‌ನವು ಬಂದವು. 415ರಲ್ಲಿ 50 ಕೆವಿಎಆರ್ ಸಿಗಬೇಕಾದರೆ ಅಂಥದ್ದರ ಮೇಲೆ 525 ವೋಲ್ಟ್‌ಗೆ ಸುಮಾರು 75 ಎಂದು ಬರೆದಿರಬೇಕು. ಫ್ಯೂಸ್‌ಗಳನ್ನು 125 ಆಂಪಿಯರ್‌ಗೆ ಏರಿಸಲಾಯಿತು. ರಿಯಾಕ್ಟರ್‌ಗಳು ಬಿಸಿ ಉಗುಳುವುದರಿಂದ ಅವನ್ನು ಕೆಪ್ಯಾಸಿಟರ್‌ಗಳ ಮೇಲ್ಗಡೆ, ಫ್ಯಾನಿನ ದಾರಿಯಲ್ಲಿ ಕೂರಿಸಲಾಯಿತು. ಕೆಳಗಿಟ್ಟರೆ ಬಿಸಿಗಾಳಿಯೆಲ್ಲ ಕೆಪ್ಯಾಸಿಟರ್‌ಗೆ ಬಡಿಯುತ್ತದೆ.

ಹಣ ಉಳಿಸಲು ನಾಲ್ಕು ಸ್ಟೆಪ್‌ಗೆ ಮಾತ್ರ ರಿಯಾಕ್ಟರ್ ಹಾಕಿ ನಾಲ್ಕನ್ನು ಹಾಗೆಯೇ ಬಿಡುವ ಮಾತೂ ಬಂದಿತ್ತು. ಅದಕ್ಕೆ ಒಪ್ಪಬಾರದು. ರಿಯಾಕ್ಟರ್ ಇಲ್ಲದ ಒಂದೇ ಸ್ಟೆಪ್ ಅದೇ ಬಸ್‌ಬಾರ್‌ನಲ್ಲಿ ಉಳಿದರೂ ಅನುರಣನ ಉಳಿಯುತ್ತದೆ, ಬೇರೊಂದು ಫ್ರೀಕ್ವೆನ್ಸಿಗೆ ಸರಿದಿರುತ್ತದೆ ಅಷ್ಟೆ.

ಹೊಸ ಪ್ಯಾನೆಲ್ ಕೂತ ಮೇಲೆ ಅದೇ ಇನ್‌ಕಮರ್, ಅದೇ ಸೆಟ್ಟಿಂಗ್, ಅದೇ ಸಂಜೆಯ ಲೋಡ್‌ನಲ್ಲಿ ಸ್ಟೆಪ್ ಪರೀಕ್ಷೆ ಮತ್ತೆ ನಡೆಯಿತು. ಎಂಟೂ ಸ್ಟೆಪ್ ಬಿದ್ದಾಗ ವೋಲ್ಟೇಜ್ ಟಿಎಚ್‌ಡಿ ಶೇ 2.6, ಒಂದೂ ಇಲ್ಲದಾಗಿನ 3.6ಕ್ಕಿಂತ ಕಡಿಮೆ. 7ನೆಯದು ಶೇ 11ರಿಂದ ಶೇ 1.2ಕ್ಕೆ ಇಳಿದಿತ್ತು. ಕೆಪ್ಯಾಸಿಟರ್ ಫೀಡರ್‌ನಲ್ಲಿ ಈಗ 5ನೇ ಹಾರ್ಮೋನಿಕ್ 56 ಆಂಪಿಯರ್ ಹರಿಯುತ್ತದೆ. ಡ್ರೈವ್‌ಗಳು ಎಬ್ಬಿಸುವ 140ರಲ್ಲಿ ಒಂದು ಪಾಲನ್ನು ಪ್ಯಾನೆಲ್ ತಾನೇ ಹೀರಿಕೊಳ್ಳುತ್ತಿದೆ ಎಂದರ್ಥ. ಈ 56 ಅನ್ನು ಪ್ಯಾನೆಲ್ ಬಾಗಿಲಿನ ಒಳಗೆ ದಿನಾಂಕದೊಂದಿಗೆ ಬರೆದು ಅಂಟಿಸಲಾಗಿದೆ. ಮುಂದೆ ಅಳೆದಾಗ, ಡ್ರೈವ್ ಲೋಡ್ ಹೆಚ್ಚದಿದ್ದರೂ ಅದು ಏರಿದ್ದು ಕಂಡರೆ, ಮೇಲಿನ ಲೈನ್‌ನಿಂದ 5ನೆಯದು ಒಳಗೆ ಬರುತ್ತಿದೆಯೇ ಎಂದು ಮೊದಲು ನೋಡಬೇಕು. ಡ್ರೈವ್‌ಗಳನ್ನು ನಿಲ್ಲಿಸಿದ ರಾತ್ರಿಯಲ್ಲೂ ಇನ್‌ಕಮರ್‌ನ 5ನೇ ವೋಲ್ಟೇಜ್ ಇಳಿಯದಿದ್ದರೆ ಅದು ಹೊರಗಿನದೇ.